ಸೀರೆಯಲ್ಲ, ಒಳಲಂಗ ನೋಡಿ

ಪ್ರಶ್ನೆ: ಮೇಡಂ, ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ. ದಿನಾ ಮುಕ್ಕಾಲು ಕಿಲೋಮೀಟರ್ ನಡೆದು, ಬಸ್ಸು ಹಿಡಿದು ತೀರ್ಥಹಳ್ಳಿಯ ಕಚೇರಿಗೆ ಹೋಗ್ತೀನಿ. ಕೌಂಟರಿನಲ್ಲಿ ಕೆಲಸ, ಹಾಗಾಗಿ ಸೀರೆ ಇಲ್ಲಾ ಚೂಡಿದಾರ್, ನೀಟಾಗಿರಲೇಬೇಕು. ಕೊಡೆ ಇದ್ದರೂ ಕೆಳಗಿನ ಒಂದು ಮೊಳ ನೆನೆದು ಹೋಗುತ್ತೆ, ಮಧ್ಯಾಹ್ನದ ಊಟದ ಹೊತ್ತಿಗೂ ಕಾಲಿಗೆ ತಣ್ಣಗೆ ಅಂಟಿಕೊಂಡೇ ಇರುತ್ತೆ. ಹೋದ ವರ್ಷ ಸಿಂಥೆಟಿಕ್ ಸೀರೆ ತಗೊಂಡೆ, ಆದ್ರೂ ಅದೇ ಕಥೆ. ಏನು ಉಡಬೇಕು ಹೇಳಿ.

ಉತ್ತರ: ನಾಳೆ ಕಚೇರಿ ತಲುಪಿದ ಕೂಡಲೇ ಒಂದು ಕೆಲಸ ಮಾಡಿ. ಸೀರೆಯ ಅಂಚು ಮುಟ್ಟಿ ನೋಡಿ, ಆಮೇಲೆ ಒಳಲಂಗದ ಅಂಚು ಮುಟ್ಟಿ ನೋಡಿ. ಮತ್ತೆ ಒಂದು ಗಂಟೆ ಬಿಟ್ಟು ಎರಡನ್ನೂ ಮುಟ್ಟಿ. ಸೀರೆ ಬಹುತೇಕ ಒಣಗಿರುತ್ತದೆ, ಲಂಗ ಹಾಗೇ ಇರುತ್ತದೆ. ಒಣಗಿದ ಸೀರೆಯನ್ನು ಅದು ಒಳಗಿನಿಂದ ಮತ್ತೆ ಒದ್ದೆ ಮಾಡುತ್ತಾ ಇರುತ್ತದೆ.

ಇಪ್ಪತ್ತು ವರ್ಷಕ್ಕೂ ಮೇಲೆ ಶಿವಮೊಗ್ಗದಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಮಳೆಗಾಲಕ್ಕೆ ಅಂತ ಸೀರೆ ಬದಲಾಯಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ. ಲಂಗ ಬದಲಾಯಿಸಿದವರು ಕೈಬೆರಳಿನಲ್ಲಿ ಎಣಿಸುವಷ್ಟು. ಹೊರಗೆ ಕಾಣದ್ದಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ, ಅಲ್ವಾ?

ನೀರು ಮೇಲಿನಿಂದ ಬಿದ್ದು ನಿಮ್ಮ ಬಟ್ಟೆ ನೆನೆಯುತ್ತಿಲ್ಲ. ಅದಕ್ಕೆ ಕೊಡೆ ಇದೆ. ನೀರು ಕೆಳಗಿನಿಂದ ಹತ್ತುತ್ತಿದೆ. ದೀಪದ ಬತ್ತಿಯ ತುದಿ ಎಣ್ಣೆಯಲ್ಲಿದ್ದರೆ ಸಾಕು, ಎಣ್ಣೆ ತಾನಾಗಿ ಮೇಲಕ್ಕೆ ಬರುತ್ತದೆ. ಅದೇ ರೀತಿ ಹತ್ತಿಯ ಅಂಚು ಒಂದಿಂಚು ನೆನೆದರೆ, ಸ್ವಲ್ಪ ಹೊತ್ತಿನಲ್ಲಿ ಮೂರು ನಾಲ್ಕು ಇಂಚು ಮೇಲಕ್ಕೆ ಒದ್ದೆ ಏರಿರುತ್ತದೆ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಲಂಗದ ಅಂಚನ್ನು ಒಮ್ಮೆ ತಿರುಗಿಸಿ ನೋಡಿ. ಒಂದೂವರೆ ಇಂಚು ಅಗಲದ ದಪ್ಪ ಮಡಿಕೆ, ಕೆಲವಕ್ಕೆ ಅದರ ಮೇಲೆ ಒಂದು ಸಾಲು ಫ್ರಿಲ್ಲು. ನೀರು ಸಿಗುವ ಜಾಗದಲ್ಲೇ ಬಟ್ಟೆ ಎರಡು ಮೂರು ಪದರ. ಬತ್ತಿಯನ್ನು ನಾವೇ ದಪ್ಪ ಮಾಡಿ ಎಣ್ಣೆಯಲ್ಲಿ ಇಟ್ಟ ಹಾಗೆ.

ಒಂದು ಆಷಾಢದಲ್ಲಿ ಕುತೂಹಲಕ್ಕೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ. ನನ್ನ ಹತ್ತಿ ಲಂಗ ಒಣಗಿದ್ದಾಗ 220 ಗ್ರಾಂ. ಒಗೆದು, ಕೈಯಲ್ಲಿ ಆದಷ್ಟು ಗಟ್ಟಿ ಹಿಂಡಿದ ಮೇಲೂ 410 ಗ್ರಾಂ ತೂಗಿತು. ಅಂದರೆ ಒಂದು ಲೋಟದಷ್ಟು ನೀರು ಇನ್ನೂ ಒಳಗೇ ಇತ್ತು. ಪಾಲಿಯೆಸ್ಟರ್ ಕ್ರೇಪಿನ ಲಂಗ 150 ಇದ್ದದ್ದು 200ರ ಹತ್ತಿರ ಬಂತು. ಆ ಒಂದು ಲೋಟ ನೀರು ಹೋಗುವುದಾದರೂ ಎಲ್ಲಿಗೆ? ಗಾಳಿಗೆ. ಆರಿದ್ರಾ, ಪುನರ್ವಸು ಮಳೆಯ ದಿನಗಳಲ್ಲಿ ನಿಮ್ಮೂರಿನ ಗಾಳಿಯೇ ನೆನೆದು ತೊಪ್ಪೆಯಾಗಿರುತ್ತದೆ, ಅದಕ್ಕೆ ಇನ್ನಷ್ಟು ನೀರು ಹಿಡಿಯುವ ತ್ರಾಣ ಇರುವುದಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಕೂತು ಈ ಮಾತು ಹೇಳುವುದು ಸುಲಭ. ಇಲ್ಲಿ ನಡುನಡುವೆ ಬಿಸಿಲು ಇಣುಕುತ್ತದೆ. ಗಾಜನೂರು, ಮಂಡಗದ್ದೆ ದಾಟಿ ಮೇಲೆ ಹೋದ ಹಾಗೆ ಲೆಕ್ಕವೇ ಬೇರೆ. ಅಲ್ಲಿ ‘ಬೇಗ ಒಣಗುವ ಬಟ್ಟೆ’ ಅಂದರೆ ಒಂದೇ ಅರ್ಥ: ಮೊದಲೇ ಕಡಿಮೆ ನೀರು ಹಿಡಿಯುವ ಬಟ್ಟೆ.

ಹತ್ತಿ ನೂಲಿನ ಎಳೆ ನೀರನ್ನು ತನ್ನೊಳಗೇ ಕುಡಿಯುತ್ತದೆ. ಪಾಲಿಯೆಸ್ಟರ್ ಎಳೆ ಒಳಗೆ ಏನೂ ಬಿಟ್ಟುಕೊಳ್ಳುವುದಿಲ್ಲ. ಎಳೆ ಎಳೆಗಳ ನಡುವಿನ ಸಂದಿಯಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆದ್ದರಿಂದ ಪಾಲಿಯೆಸ್ಟರ್ ನೆನೆಯುವುದೇ ಇಲ್ಲ ಅಂತ ತಿಳಿಯಬೇಡಿ. ನೆನೆಯುತ್ತದೆ, ಅಂಚಿನಿಂದ ಸ್ವಲ್ಪ ಮೇಲಕ್ಕೂ ಏರುತ್ತದೆ. ಆದರೆ ಆ ನೀರನ್ನು ಟವಲಿನಿಂದ ಒತ್ತಿ ತೆಗೆಯಬಹುದು. ಹತ್ತಿಯೊಳಗೆ ಹೊಕ್ಕ ನೀರಿಗೆ ಟವಲು ಸಾಲುವುದಿಲ್ಲ.

ಇಲ್ಲಿ ರೇಯಾನ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ‘ತೆಳ್ಳಗಿದೆ ಮೇಡಂ, ಕ್ಷಣದಲ್ಲಿ ಒಣಗುತ್ತೆ’ ಅಂತ ಅಂಗಡಿಯಲ್ಲಿ ತೋರಿಸುವ ಜಾರುಜಾರು ಕುರ್ತಾ, ಪಲಾಝೊಗಳಲ್ಲಿ ಅರ್ಧಕ್ಕರ್ಧ ರೇಯಾನ್. ವಿಸ್ಕೋಸ್ ಅಂದರೂ ಅದೇ. ಇದು ಹತ್ತಿಗಿಂತ ಜಾಸ್ತಿ ನೀರು ಕುಡಿಯುತ್ತದೆ. ನೆನೆದಾಗ ಭಾರಕ್ಕೆ ಅಂಚು ಜೋಲು ಬೀಳುತ್ತದೆ, ಒಣಗಿದಾಗ ಗಿಡ್ಡವಾಗುತ್ತದೆ. ಒದ್ದೆಯಲ್ಲಿ ಅದರ ಬಲವೂ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಬಸ್ಸಿನ ಮೆಟ್ಟಿಲಲ್ಲಿ ಅಂಚು ತುಳಿದರೆ ಹರಿಯುವುದೂ ಇದಕ್ಕೇ. ನಾನೇ ಒಮ್ಮೆ ಒಬ್ಬ ವ್ಯಾಪಾರಿಯ ಮಾತು ನಂಬಿ ಮಳೆಗಾಲಕ್ಕೆ ಅಂತಲೇ ರೇಯಾನ್ ಥಾನು ತಂದು, ಗಿರಾಕಿಗಳ ಹತ್ತಿರ ಬೈಸಿಕೊಂಡಿದ್ದೇನೆ. ಜಾರ್ಜೆಟ್ ಅಂತ ಹೆಸರಿದ್ದ ಮಾತ್ರಕ್ಕೂ ಮೋಸ ಹೋಗಬೇಡಿ. ಜಾರ್ಜೆಟ್ ಅನ್ನುವುದು ನೇಯ್ಗೆಯ ಹೆಸರು, ವಿಸ್ಕೋಸಿನ ಜಾರ್ಜೆಟ್ಟೂ ಇದೆ. ನೀವು ಹೋದ ವರ್ಷ ತಗೊಂಡಿದ್ದು ಯಾವುದು ಅಂತ ಒಮ್ಮೆ ಪರೀಕ್ಷೆ ಮಾಡಿಬಿಡಿ.

ಪರೀಕ್ಷೆ ಸುಲಭ. ಒಳ ಅಂಚಿನಿಂದ ಎರಡು ಮೂರು ನೂಲು ಎಳೆದುಕೊಳ್ಳಿ. ಒಂದನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸಿ, ಕೈಯಲ್ಲಿ ಮಾತ್ರ ಹಿಡಿಯಬೇಡಿ. ಪಾಲಿಯೆಸ್ಟರ್ ಆದರೆ ಮುದುಡಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯ ಹಾಗಾಗುತ್ತದೆ. ಹತ್ತಿಯೂ ರೇಯಾನೂ ಕಾಗದದ ಹಾಗೆ ಉರಿದು ಬೂದಿಯಾಗುತ್ತವೆ. ಆ ಎರಡರಲ್ಲಿ ಯಾವುದು ಅಂತ ತಿಳಿಯಲು ಇನ್ನೊಂದು ನೂಲನ್ನು ನಡುವೆ ನೆನೆಸಿ ಎಳೆಯಿರಿ. ರೇಯಾನ್ ಆದರೆ ಒದ್ದೆ ಜಾಗದಲ್ಲೇ ಪಟ್ಟನೆ ಕಡಿಯುತ್ತದೆ. ಹತ್ತಿ ಹಾಗೆ ಕಡಿಯುವುದಿಲ್ಲ, ಒದ್ದೆ ಹತ್ತಿಗೆ ಬಲ ಇನ್ನೂ ಜಾಸ್ತಿ. ಹೊಸ ಬಟ್ಟೆಯ ಮೇಲೆ ನೀರಿನ ಹನಿ ಹಾಕಿ ನೋಡುವ ಅಭ್ಯಾಸ ಕೆಲವರಿಗಿದೆ. ಗಂಜಿ ಇರುವ ಹೊಸ ಬಟ್ಟೆಯ ಮೇಲೆ ಹನಿ ಸುಮ್ನೆ ನಿಂತುಕೊಳ್ಳುತ್ತದೆ. ಒಂದು ಸಲ ಒಗೆದ ಮೇಲೆ ಮಾಡಿದರೆ ಮಾತ್ರ ಅದಕ್ಕೆ ಬೆಲೆ.

ಈಗ ಲಂಗಕ್ಕೆ ಬರೋಣ. ಪೂರ್ತಿ ಪಾಲಿಯೆಸ್ಟರ್ ಲಂಗ ಹೊಲಿಸಿದರೆ ಇನ್ನೊಂದು ತೊಂದರೆ. ಸೊಂಟದಲ್ಲಿ ಜಾರುತ್ತದೆ, ನೆರಿಗೆ ನಿಲ್ಲುವುದಿಲ್ಲ, ಜೊತೆಗೆ ಬೆವರು. ನಾನು ಹೊಲಿದುಕೊಡುವುದು ಎರಡು ಬಟ್ಟೆಯ ಲಂಗ. ಮೇಲಿನ ಆರು ಇಂಚು ಹತ್ತಿ, ಅದರ ಕೆಳಗೆಲ್ಲ ಪಾಲಿಯೆಸ್ಟರ್ ಕ್ರೇಪ್. ನೆರಿಗೆ ಸಿಕ್ಕಿಸುವ ಕಡೆ ಹಿಡಿತ ಸಿಗುತ್ತದೆ, ನೀರು ಸಿಗುವ ಕಡೆ ಕುಡಿಯುವ ಬಟ್ಟೆ ಇರುವುದಿಲ್ಲ. ಸಿಂಥೆಟಿಕ್ ಸೀರೆಗೆ ಸಿಂಥೆಟಿಕ್ ಲಂಗ ಹಾಕಿದರೆ ಚಟಪಟ ಅಂತ ಕಾಲಿಗೆ ಅಂಟುತ್ತದೆ ಅನ್ನುವ ಹೆದರಿಕೆ ಬೇಸಿಗೆಯದ್ದು. ಮಳೆಗಾಲದ ತೇವದ ಗಾಳಿಯಲ್ಲಿ ಆ ಕಾಟ ಇರುವುದೇ ಇಲ್ಲ.

ನಿಮ್ಮ ಹಾಗೆಯೇ ಕೊಪ್ಪದ ಕಡೆಯಿಂದ ಬರುವ ಒಬ್ಬ ಶಿಕ್ಷಕಿಗೆ ಹೊಲಿದ ಅಳತೆ ಹೇಳುತ್ತೇನೆ, ಅದನ್ನೇ ನಿಮಗೆ ಹೊಂದಿಸಿಕೊಳ್ಳಿ. ಮಳೆಗಾಲದ ಚಪ್ಪಲಿ ಹಾಕಿಕೊಂಡು ನಿಂತಾಗ ಅವರ ಸೊಂಟದಿಂದ ನೆಲಕ್ಕೆ 39 ಇಂಚು. ಮಾಮೂಲಿಯಾಗಿ ಅವರು ಸೀರೆ ಉಡುತ್ತಿದ್ದದ್ದು ಹಿಮ್ಮಡಿ ಮುಚ್ಚುವ ಹಾಗೆ, ಅಂದರೆ ನೆಲದಿಂದ ಅರ್ಧ ಇಂಚು ಮೇಲೆ. ಲಂಗ ಅದಕ್ಕಿಂತ ಒಂದು ಇಂಚು ಗಿಡ್ಡ, ಅಷ್ಟೆ. ಬದಲಾಯಿಸಿದ ಮೇಲೆ ಸೀರೆಯ ಅಂಚು ನೆಲದಿಂದ ಎರಡೂವರೆ ಇಂಚು ಮೇಲಕ್ಕೆ ಬಂತು. ಕೌಂಟರಿನ ಹಿಂದೆ ಕೂತರೆ ಯಾರಿಗೂ ಗೊತ್ತಾಗುವುದಿಲ್ಲ, ನಿಂತರೂ ಗಿಡ್ಡ ಅಂತ ಕಾಣುವುದಿಲ್ಲ. ಮೂರೂವರೆ ಇಂಚು ದಾಟಿದರೆ ಮಾತ್ರ ಗದ್ದೆಗೆ ಹೊರಟ ಹಾಗೆ ಕಾಣುತ್ತದೆ. ಲಂಗವನ್ನು ಸೀರೆಗಿಂತ ಇನ್ನೂ ಎರಡೂವರೆ ಇಂಚು ಮೇಲಕ್ಕೆ ತಂದೆ. ಅಂದರೆ ಸೀರೆ 36 1/2 ಇಂಚಿಗೆ, ಲಂಗ 34 ಇಂಚಿಗೆ. ಈ ಅಂತರವೇ ಮುಖ್ಯ. ಸೀರೆ ನೆನೆದರೂ ಲಂಗದ ಅಂಚಿಗೆ ನೀರು ಸಿಗಬಾರದು.

ಲಂಗದ ಕೆಳಸುತ್ತನ್ನೂ ಕಡಿಮೆ ಮಾಡಿದೆ. ಆರು ಪೀಸಿನ ಲಂಗದ ಕೆಳಸುತ್ತು ನೂರು ಇಂಚು ದಾಟುತ್ತದೆ. ಇದನ್ನು 72 ಇಂಚಿಗೆ ನಿಲ್ಲಿಸಿ, ಎಡಬದಿಯಲ್ಲಿ ಹತ್ತು ಇಂಚು ಸೀಳು ಕೊಟ್ಟೆ. ಸೀಳಿಲ್ಲದಿದ್ದರೆ ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವಾಗ ಕಾಲು ಎತ್ತಲು ಆಗುವುದಿಲ್ಲ. ಮೊದಲ ಸಲ ನಾನು ಇದನ್ನೇ ಮರೆತು, ಅವರು ಎರಡನೇ ದಿನವೇ ವಾಪಸ್ ತಂದರು. ಅಂಚಿನ ಮಡಿಕೆ ಕಾಲಿಂಚಿಗಿಂತ ಜಾಸ್ತಿ ಬೇಡ. ಲೇಸು ಬೇಡ, ಫ್ರಿಲ್ಲು ಬೇಡ. ಈ ಲಂಗಕ್ಕೆ ಒಂದೇ ಮಿತಿ ಅಂದರೆ ತೆಳು ಬಣ್ಣದ ಪಾರದರ್ಶಕ ಸೀರೆ. ಅದರಲ್ಲಿ ಲಂಗ ಎಲ್ಲಿ ನಿಂತಿದೆ ಅಂತ ಗೆರೆ ಎಳೆದ ಹಾಗೆ ಕಾಣುತ್ತದೆ. ಶಿಫಾನ್ ಪಕ್ಕಕ್ಕಿಡಿ, ಸ್ವಲ್ಪ ತೂಕದ ಪ್ರಿಂಟೆಡ್ ಕ್ರೇಪ್ ಅಥವಾ ಜಾರ್ಜೆಟ್ ಉಡಿ.

ಎರಡನೇ ಕಳ್ಳ ಸೀರೆಯ ಫಾಲ್. ಸೀರೆ ಪಾಲಿಯೆಸ್ಟರ್ ಆದರೂ ಅದಕ್ಕೆ ಹಚ್ಚುವ ಫಾಲ್ ಬಹಳ ಕಡೆ ಹತ್ತಿಯದು. ನಾಲ್ಕೈದು ಇಂಚು ಅಗಲದ ಹತ್ತಿ ಪಟ್ಟಿ, ಅದೂ ನೆಲಕ್ಕೆ ಹತ್ತಿರದಲ್ಲಿ, ನೆರಿಗೆ ಪೂರ್ತಿ! ನಿಮ್ಮ ಸಿಂಥೆಟಿಕ್ ಸೀರೆ ನಿಜವಾಗಿ ಪಾಲಿಯೆಸ್ಟರ್ ಅಂತ ಪರೀಕ್ಷೆಯಲ್ಲಿ ಗೊತ್ತಾದರೆ, ತಪ್ಪಿತಸ್ಥ ಇವನೇ ಇರಬೇಕು. ಒಗೆದಾಗ ಫಾಲ್ ಮಾತ್ರ ಕುಗ್ಗಿ ಸೀರೆಯ ಅಂಚು ಸುಕ್ಕುಸುಕ್ಕಾಗಿ ನಿಂತಿದ್ದರೆ ಅನುಮಾನವೇ ಬೇಡ. ಬಿಚ್ಚಿಸಿ ಪಾಲಿಯೆಸ್ಟರ್ ಫಾಲ್ ಹಾಕಿಸಿ. ಸೀರೆಗೆ ಸ್ವಲ್ಪ ತೂಕದ ಅಂಚು ಇದ್ದರೆ ಫಾಲೇ ಬೇಡ, ಅಂಚಿಗೆ ಸಣ್ಣ ಜಿಗ್‌ಜಾಗ್ ಹೊಲಿಗೆ ಸಾಕು. ಹೊಸ ಸೀರೆಗೆ ಫಾಲ್ ಹಚ್ಚಲು ಕೊಡುವಾಗ ಈ ಮಾತನ್ನು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಟೈಲರ್ ಕೈಗೆ ಸಿಕ್ಕಿದ್ದು ಹಾಕುತ್ತಾರೆ, ನಾವೂ ಹಾಗೇ ಮಾಡುತ್ತೇವೆ.

ಬಣ್ಣದ ವಿಷಯ. ತೆಳು ಬೂದಿ, ತೆಳು ನೀಲಿ, ಖಾಕಿ, ಇವುಗಳಲ್ಲಿ ಒದ್ದೆ ಜಾಗ ಕಪ್ಪಗೆ ಎದ್ದು ಕಾಣುತ್ತದೆ. ಕಡು ನೀಲಿ, ಕಪ್ಪು, ಅಥವಾ ಅಡ್ಡಾದಿಡ್ಡಿ ಪ್ರಿಂಟಿನಲ್ಲಿ ಕಾಣುವುದಿಲ್ಲ. ಆದರೆ ಕಪ್ಪಿನಲ್ಲಿ ನಮ್ಮ ಕೆಂಪು ಮಣ್ಣು ಒಣಗಿದ ಮೇಲೆ ಕಾಣುತ್ತದೆ. ಎರಡನ್ನೂ ಮುಚ್ಚುವ ಬಣ್ಣ ಬೇಕೆಂದರೆ ಮರೂನ್, ಕಾಫಿಪುಡಿ ಬಣ್ಣ, ಇಟ್ಟಿಗೆ ಬಣ್ಣದ ಪ್ರಿಂಟು. ಮಣ್ಣು ಹಾರಿದರೆ ಒದ್ದೆಯಲ್ಲಿ ಉಜ್ಜಬೇಡಿ, ಉಜ್ಜಿದಷ್ಟೂ ಒಳಗೆ ಹೋಗುತ್ತದೆ. ಒಣಗಲು ಬಿಟ್ಟು ಬ್ರಷ್ಷಿನಲ್ಲಿ ಕೊಡವಿ, ಆಮೇಲೆ ತಣ್ಣೀರು ಮತ್ತು ಸಾಬೂನು. ಬ್ಲೀಚಿಂಗ್ ಮಾತ್ರ ಹಾಕಬೇಡಿ. ಕೆಂಪು ಮಣ್ಣಿನಲ್ಲಿ ಇರುವುದು ಕಬ್ಬಿಣದ ಅಂಶ, ಬ್ಲೀಚಿಗೆ ಅದು ಹೋಗುವುದಿಲ್ಲ, ಕಲೆ ಇನ್ನೂ ಗಟ್ಟಿಯಾಗಬಹುದು.

ಅಂದ ಹಾಗೆ, ಹಿಂಭಾಗದಲ್ಲಿ ಚುಕ್ಕೆಚುಕ್ಕೆ ಕೆಸರು ಹಾರಿದ್ದರೆ ಅದಕ್ಕೆ ಬೇರೆ ಯಾರನ್ನೂ ಬೈಯಬೇಡಿ. ಅದು ನಿಮ್ಮದೇ ಹವಾಯಿ ಚಪ್ಪಲಿ. ಹೆಜ್ಜೆ ಎತ್ತಿದಾಗ ಹಿಮ್ಮಡಿಯ ಕಡೆ ಪಟಪಟ ಬಡಿದು ನೀರನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಹಿಂದೆ ಪಟ್ಟಿ ಇರುವ ಪ್ಲಾಸ್ಟಿಕ್ ಸ್ಯಾಂಡಲ್ ಹಾಕಿ ಒಂದು ದಿನ ನಡೆಯಿರಿ, ವ್ಯತ್ಯಾಸ ನಿಮಗೇ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸ್ವಂತ ಅಭಿಪ್ರಾಯ: ಆರಿದ್ರಾದಿಂದ ಆಶ್ಲೇಷದವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ, ವಾರದಲ್ಲಿ ನಾಲ್ಕು ದಿನ ನೀವು ಕುರ್ತಾ ಪ್ಯಾಂಟು ಹಾಕಿ. ಸೀರೆಯನ್ನು ಮೀಟಿಂಗು, ಇನ್‌ಸ್ಪೆಕ್ಷನ್ ಇರುವ ದಿನಕ್ಕೆ ಇಟ್ಟುಕೊಳ್ಳಿ. ಕಾರಣ ಸರಳ. ಸೀರೆಯಲ್ಲಿ ನೆನೆದರೆ ಕಚೇರಿಯ ಟಾಯ್ಲೆಟ್ಟಿನಲ್ಲಿ ಲಂಗ ಬದಲಾಯಿಸುವುದು ಒಂದು ಸರ್ಕಸ್ಸು. ಪ್ಯಾಂಟು ಬದಲಾಯಿಸಲು ಎರಡು ನಿಮಿಷ ಸಾಕು.

ಪಟಿಯಾಲ, ಪಲಾಝೊ, ಕೆಳಸುತ್ತು ಜಾಸ್ತಿ ಇರುವುದೆಲ್ಲ ಬೇಡ. ಹತ್ತಿ ಲೆಗ್ಗಿಂಗ್ಸ್ ಕೂಡ ಬೇಡ. ಮೈಗೆ ಅಂಟಿಕೊಂಡಿರುವುದರಿಂದ ನೆನೆದರೆ ಸಂಜೆವರೆಗೂ ಚಳಿ. ಕಣಕಾಲಿನ ಮೂಳೆಗಿಂತ ಒಂದಿಂಚು ಮೇಲೆ ನಿಲ್ಲುವ ನೇರ ಪ್ಯಾಂಟು ಹೊಲಿಸಿ. ಪಾಲಿಯೆಸ್ಟರ್ ಜಾಸ್ತಿ, ಹತ್ತಿ ಕಡಿಮೆ ಇರುವ ಮಿಶ್ರ ಬಟ್ಟೆ ಕೇಳಿ. ಶಾಲೆ ಯೂನಿಫಾರ್ಮಿಗೆ ಬಳಸುವ ಜಾತಿ, ‘ಟೆರಿಕಾಟ್’ ಅಂದರೆ ಹಳೆಯ ಅಂಗಡಿಗಳಲ್ಲಿ ಈಗಲೂ ತೆಗೆದುಕೊಡುತ್ತಾರೆ. ಇಸ್ತ್ರಿಯ ಗೆರೆ ನಿಲ್ಲುತ್ತದೆ, ನೋಡಲು ನೀಟು.

ಕುರ್ತಾದ ಉದ್ದ ನಿಮ್ಮ ರೇನ್‌ಕೋಟನ್ನು ನೋಡಿ ಇಡಬೇಕು. ಇದು ಯಾರಿಗೂ ಹೊಳೆಯುವುದಿಲ್ಲ. ರೇನ್‌ಕೋಟಿನ ಮೇಲೆ ಬಿದ್ದ ನೀರೆಲ್ಲ ಅದರ ಅಂಚಿನಿಂದ ಸಾಲಾಗಿ ಇಳಿಯುತ್ತದೆ, ಮನೆಯ ಸೂರಿನ ನೀರಿನ ಹಾಗೆ. ಕುರ್ತಾ ಅದಕ್ಕಿಂತ ಉದ್ದ ಇದ್ದರೆ ಆ ಸೂರಿನ ನೀರೆಲ್ಲ ಕುರ್ತಾದ ಅಂಚಿಗೇ. ಕುರ್ತಾ ಕೋಟಿಗಿಂತ ಎರಡಿಂಚು ಗಿಡ್ಡವಿರಲಿ. ಕೊಡೆ ಮಾತ್ರ ಹಿಡಿಯುವವರಾದರೆ ಮಂಡಿಯ ಮಟ್ಟಕ್ಕೆ ನಿಲ್ಲಿಸಿ. ಬ್ಲೌಸು, ವೇಲು, ಮೇಲಿನ ಭಾಗಕ್ಕೆ ಏನು ಬೇಕಾದರೂ ಹತ್ತಿ ಇರಲಿ, ಅಲ್ಲಿಗೆ ಕೊಡೆ ಇದೆ.

ಕಚೇರಿ ತಲುಪಿದ ಮೇಲೆ ಐದು ನಿಮಿಷದ ಕೆಲಸ. ಚೀಲದಲ್ಲಿ ಒಂದು ತೆಳು ಹತ್ತಿ ಟವಲು, ನಮ್ಮ ಹಳೆ ಪಂಚೆಯ ತುಂಡಾದರೂ ಆಯಿತು. ಅಂಚನ್ನು ಟವಲಿನ ಎರಡು ಪದರದ ನಡುವೆ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ, ಮುಂದಿನ ಭಾಗಕ್ಕೆ ಹೋಗಿ. ಹಿಂಡಬೇಡಿ, ಹಿಂಡಿದರೆ ಸುಕ್ಕು ಬಿದ್ದು ಇಡೀ ದಿನ ಮುದ್ದೆಯಾಗಿ ಕಾಣುತ್ತದೆ. ಪಾಲಿಯೆಸ್ಟರಿನ ನೀರಿನ ಬಹುಪಾಲು ಇಲ್ಲೇ ಹೋಗುತ್ತದೆ. ಆಮೇಲೆ ನೆರಿಗೆ ಬಿಡಿಸಿಕೊಂಡು ಫ್ಯಾನಿನ ಕೆಳಗೆ ಒಂದಿಷ್ಟು ಹೊತ್ತು ನಿಂತರೆ ಕೌಂಟರಿಗೆ ಹೋಗಬಹುದು. ಟವಲು ಒದ್ದೆಯಾಗಿ ಚೀಲದಲ್ಲೇ ಉಳಿದರೆ ಮರುದಿನ ಅದೇ ಮುಗ್ಗಲು ವಾಸನೆ, ಮನೆಗೆ ಹೋದ ಕೂಡಲೇ ತೆಗೆದು ಹರವಿ.

ಮನೆಯಲ್ಲಿ ಒಣಗಿಸುವುದು ನಮ್ಮಲ್ಲಿ ಬಚ್ಚಲೊಲೆಯ ಮೇಲಿನ ಗಳುವಿನಲ್ಲೇ. ಹತ್ತಿಗೆ ಅದು ಸರಿ. ಹೊಗೆ ವಾಸನೆ ಸ್ವಲ್ಪ ಹಿಡಿದರೂ ಒಣಗುತ್ತದೆ. ಪಾಲಿಯೆಸ್ಟರನ್ನು ಅಲ್ಲಿ ಹಾಕಲೇಬೇಡಿ. ಒಂದು ಕಿಡಿ ಸಾಕು, ತೂತು ಬೀಳುತ್ತದೆ. ಜಾರಿ ಒಲೆಗೆ ಬಿದ್ದರಂತೂ ಕರಗಿ ಉರಿಯುತ್ತದೆ. ಅದಕ್ಕೆ ಆ ಬಿಸಿಯ ಅಗತ್ಯವೂ ಇಲ್ಲ. ಜಗಲಿಯಲ್ಲಿ ಗಾಳಿಯಾಡುವ ಕಡೆ ಒಂದೇ ಪದರವಾಗಿ ಹಾಕಿ, ಅರ್ಧ ಗಂಟೆ ಬಿಟ್ಟು ಕೆಳಗಿನ ಅಂಚಿಗೆ ಇಳಿದು ನಿಂತ ನೀರನ್ನು ಕೈಯಲ್ಲಿ ಒಂದು ಸಲ ಒತ್ತಿ ತೆಗೆದುಬಿಡಿ. ಪ್ಯಾಂಟನ್ನು ಸೊಂಟ ಮೇಲೆ ಮಾಡಿ, ಒಳಗಿನದು ಹೊರಗೆ ತಿರುಗಿಸಿ, ಜೇಬು ಎಳೆದು ಹಾಕಿ. ಸೊಂಟಪಟ್ಟಿಯೇ ಎಲ್ಲಕ್ಕಿಂತ ದಪ್ಪ. ಅದನ್ನು ಕೆಳಗೆ ಮಾಡಿದರೆ ಇಡೀ ಪ್ಯಾಂಟಿನ ನೀರು ಅಲ್ಲೇ ಬಂದು ಕೂರುತ್ತದೆ. ಬೆಳಿಗ್ಗೆ ಇನ್ನೂ ತೇವ ಇದ್ದರೆ ಎರಡು ಚುಕ್ಕೆಯ ಬಿಸಿಯಲ್ಲಿ, ಒಳಮೈ ಮೇಲೆ ಇಸ್ತ್ರಿ ಮಾಡಿ. ಮೂರು ಚುಕ್ಕೆಗೆ ಇಟ್ಟರೆ ಪಾಲಿಯೆಸ್ಟರ್ ಹೊಳೆಹೊಳೆಯುವ ಗುರುತು ಬಿದ್ದು ಹಾಳಾಗುತ್ತದೆ.

ಪಾಲಿಯೆಸ್ಟರಿನ ಒಂದು ಅವಗುಣ ಒಪ್ಪಿಕೊಳ್ಳಲೇಬೇಕು. ಬೆವರಿನ ವಾಸನೆ ಅದಕ್ಕೆ ಬೇಗ ಹಿಡಿಯುತ್ತದೆ. ಒಂದು ದಿನ ಹಾಕಿದ್ದನ್ನು ಮರುದಿನ ಹಾಕಬೇಡಿ. ಬೇಗ ಒಣಗುವುದರಿಂದ ದಿನಾ ಒಗೆಯುವುದು ಕಷ್ಟವಲ್ಲ. ನಿಮಗೆ ಇಂಥ ಪ್ಯಾಂಟು ಮೂರು, ಎರಡು ಬಟ್ಟೆಯ ಲಂಗ ಎರಡು ಇದ್ದರೆ ಸಾಕು. ಒಂದು ಪ್ಯಾಂಟು ಪ್ಲಾಸ್ಟಿಕ್ ಕವರಿನಲ್ಲಿ ಕಚೇರಿಯ ಡ್ರಾಯರಿನಲ್ಲಿರಲಿ.

ಹೊಸದಾಗಿ ಸೀರೆ ಕೊಳ್ಳಲು ಹೋಗಬೇಡಿ. ಮೊದಲು ಇರುವ ಸಿಂಥೆಟಿಕ್ ಸೀರೆಯ ನೂಲು ಸುಟ್ಟು ನೋಡಿ. ಮಣಿಯಾದರೆ ಫಾಲ್ ಬದಲಾಯಿಸಿ, ಲಂಗ ಹೊಲಿಸಿ. ಟೈಲರ್ ಹತ್ತಿರ ಹೋಗುವಾಗ ಮಳೆಗಾಲದ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ, ರೇನ್‌ಕೋಟನ್ನೂ ಕೈಯಲ್ಲಿ ಹಿಡಿದಿರಿ. ಬರಿಗಾಲಲ್ಲಿ ನಿಲ್ಲಿಸಿ ಅಳತೆ ತೆಗೆದರೆ ಚಪ್ಪಲಿಯ ಎತ್ತರ ಲೆಕ್ಕಕ್ಕೆ ಬರುವುದಿಲ್ಲ, ನಾವು ಹೇಳಿದ ಎರಡೂವರೆ ಇಂಚು ತಪ್ಪುತ್ತದೆ.